ಉಬ್ಬಸವಿರುವ ಮಗುವಿನ ಬಗ್ಗೆ ತರಗತಿ ಶಿಕ್ಷಕರಿಗೆ ಬರೆಯಬೇಕಾದ ಪತ್ರ

(ಚಿಕ್ಕಮಗಳೂರಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

“ನಮ್ಮ ಮಗಳಿಗೆ ಆಗಾಗ ಉಸಿರಾಟದ ತೊಂದರೆ ಬರುತ್ತದೆ, ದಯವಿಟ್ಟು ನೋಡಿಕೊಳ್ಳಿ” ಎಂಬ ಒಂದು ಸಾಲನ್ನು ಶಾಲೆಯ ಡೈರಿಯಲ್ಲಿ ಬರೆದು ಕಳುಹಿಸಿದರೆ ತಮ್ಮ ಜವಾಬ್ದಾರಿ ಮುಗಿಯಿತೆಂದು ಅನೇಕ ಪೋಷಕರು ತಿಳಿಯುತ್ತಾರೆ. ಆ ಸಾಲನ್ನು ಓದಿದ ಶಿಕ್ಷಕಿ ಏನನ್ನು ನೋಡಬೇಕು, ಯಾವಾಗ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಅವರು ತಮಗೆ ತೋಚಿದಂತೆ ಮಗುವನ್ನು ಆಟದಿಂದ ದೂರವಿಡುತ್ತಾರೆ, ಕೆಮ್ಮು ಶುರುವಾದ ಕೂಡಲೇ ಬೆಂಚಿನ ಮೇಲೆ ಮಲಗಿಸುತ್ತಾರೆ, ಇಲ್ಲವೇ ಜೊತೆಗೊಬ್ಬ ಸಹಪಾಠಿಯನ್ನು ಕೊಟ್ಟು ಮನೆಗೆ ಕಳುಹಿಸುತ್ತಾರೆ. ಮೊದಲನೆಯದು ಬೇಕಿಲ್ಲದ್ದು, ಎರಡನೆಯದು ತೊಂದರೆಯನ್ನು ಹೆಚ್ಚಿಸುವಂಥದು, ಮೂರನೆಯದು ಪ್ರಾಣಕ್ಕೇ ಅಪಾಯ ತರಬಲ್ಲದು. ಇದರಲ್ಲಿ ಶಿಕ್ಷಕರ ತಪ್ಪೇನೂ ಇಲ್ಲ. ಅವರ ಕೈಗೆ ಬಂದ ಪತ್ರವೇ ಅಪೂರ್ಣವಾಗಿತ್ತು.

ಪೂರ್ಣವಾದ ಪತ್ರ ಹೇಗಿರಬೇಕು ಎಂಬುದನ್ನು ಒಂದೇ ಉದಾಹರಣೆಯ ಮೂಲಕ ವಿವರಿಸುತ್ತೇನೆ. ಮೂಡಿಗೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿರುವ ಒಂಬತ್ತು ವರ್ಷದ ಹುಡುಗಿಯ ತಾಯಿ, ನಮ್ಮ ಕೊಠಡಿಯಲ್ಲೇ ಕುಳಿತು ನನ್ನೊಡನೆ ಚರ್ಚಿಸಿ ಬರೆದ ಪತ್ರ ಇದು. ಮಗುವಿನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟು ಓದುತ್ತೇನೆ. ಪತ್ರ ಆರಂಭವಾಗುವುದು ಹೀಗೆ:

“ಮಾನ್ಯ ಮೇಡಂ ಅವರಿಗೆ ವಂದನೆಗಳು. ನಿಮ್ಮ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಅಸ್ತಮಾ ಇದೆ. ಹೆಚ್ಚಿನ ದಿನಗಳಲ್ಲಿ ಅವಳು ಎಲ್ಲ ಮಕ್ಕಳಂತೆ ಆರೋಗ್ಯವಾಗಿಯೇ ಇರುತ್ತಾಳೆ. ಶೀತವಾದಾಗ, ಹೊಗೆ ಅಥವಾ ದೂಳು ತಾಗಿದಾಗ, ತಣ್ಣನೆಯ ಗಾಳಿಯಲ್ಲಿ ಜೋರಾಗಿ ಓಡಿದಾಗ ಅವಳಿಗೆ ಮೊದಲು ಒಣಕೆಮ್ಮು ಬರುತ್ತದೆ, ಆಮೇಲೆ ಎದೆಯಲ್ಲಿ ಸುಯ್ ಎಂಬ ಶಬ್ದ ಕೇಳಿಸುತ್ತದೆ, ಉಸಿರು ಬಿಡಲು ಕಷ್ಟವಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಅವಳನ್ನು ಬೇರೆ ಕೂರಿಸುವ ಅಗತ್ಯವಿಲ್ಲ.”

ಇಲ್ಲಿ ತಾಯಿ ‘ಅಸ್ತಮಾ’ ಎಂದು ನೇರವಾಗಿ ಬರೆದಿದ್ದಾರೆ. ಹಾಗೆ ಬರೆಯಲು ಹಿಂಜರಿಯುವವರೇ ಹೆಚ್ಚು. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತು ಎಂದು ಅಜ್ಜಿಯರು ತಡೆಯುತ್ತಾರೆ. ‘ಅಲರ್ಜಿ ಕೆಮ್ಮು’ ಎಂದಷ್ಟೇ ಬರೆಸುತ್ತಾರೆ. ಕೆಮ್ಮು ಎಂದು ಓದಿದ ಶಿಕ್ಷಕರು ಅದನ್ನು ಕೆಮ್ಮೆಂದೇ ಭಾವಿಸಿ ಬಿಸಿನೀರು ಕುಡಿಸಿ ಕೂರಿಸುತ್ತಾರೆ, ಅಷ್ಟರಲ್ಲಿ ಔಷಧಿ ಕೊಡಬೇಕಾದ ಹೊತ್ತು ಕಳೆದುಹೋಗಿರುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೀತವಾದಾಗ ಮಾತ್ರ ಉಬ್ಬಸ ಬಂದು, ಬೆಳೆದಂತೆ ಅದು ಮಾಯವಾಗುವುದುಂಟು. ಅಂಥವರಲ್ಲಿ ಅಸ್ತಮಾ ಎಂದು ಖಚಿತವಾಗಿ ಹೇಳಲು ವೈದ್ಯರೂ ಕಾಯುತ್ತಾರೆ. ಹೆಸರು ಯಾವುದಾದರೂ ಇರಲಿ, ‘ಪದೇಪದೇ ಉಬ್ಬಸ ಬರುತ್ತದೆ, ಇನ್ಹೇಲರ್ ಬೇಕಾಗುತ್ತದೆ’ ಎಂಬ ಮಾತು ಪತ್ರದಲ್ಲಿ ಇರಲೇಬೇಕು.

ಉಬ್ಬಸಕ್ಕೆ ಪ್ರಚೋದನೆಯಾಗುವ ಸಂಗತಿಗಳಲ್ಲಿ ಮಕ್ಕಳ ಮಟ್ಟಿಗೆ ಮೊದಲ ಸ್ಥಾನ ವೈರಸ್‌ನಿಂದ ಬರುವ ಸಾಮಾನ್ಯ ಶೀತಕ್ಕೇ ಸಲ್ಲುತ್ತದೆ. ಶಾಲೆ ಶುರುವಾಗಿ, ಮಳೆ ಹಿಡಿದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಕ್ಕಳೆಲ್ಲ ಒತ್ತಾಗಿ ಕೂರುವ ದಿನಗಳಲ್ಲಿ ಒಬ್ಬರ ಶೀತ ಎಲ್ಲರಿಗೂ ಹರಡುತ್ತದೆ. ಬೇರೆ ಮಕ್ಕಳಲ್ಲಿ ನಾಲ್ಕು ದಿನ ಮೂಗು ಸುರಿದು ನಿಲ್ಲುವ ಶೀತ ಈ ಮಗುವಿನ ಎದೆಗೆ ಇಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಇದರ ಜೊತೆಗೆ ಗೋಡೆಯ ಮೇಲೆ ಕಪ್ಪಗೆ ಹಿಡಿಯುವ ಬೂಷ್ಟು, ಚಳಿಗಾಲದ ಮಂಜು, ಕಸ ಗುಡಿಸಿ ಹಚ್ಚಿದ ಬೆಂಕಿಯ ಹೊಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಮಗುವಿನ ಮೂಗು ಸುರಿಯುತ್ತಿರುವ ದಿನ ಶಿಕ್ಷಕರು ಅದರ ಮೇಲೆ ಸ್ವಲ್ಪ ಹೆಚ್ಚು ಕಣ್ಣಿಟ್ಟಿರಬೇಕು. ಇನ್ನು, ಮಕ್ಕಳು ಒಳಗಿರುವಾಗಲೇ ಕೋಣೆ ಗುಡಿಸುವ ಅಭ್ಯಾಸವಿದ್ದರೆ ಅದನ್ನು ಬಿಟ್ಟು, ಮಕ್ಕಳು ಬರುವ ಮೊದಲೇ ಒದ್ದೆಬಟ್ಟೆಯಿಂದ ಒರೆಸಿಡುವುದು ಒಳ್ಳೆಯದು.

ಪತ್ರದ ಮುಂದಿನ ಭಾಗಕ್ಕೆ ಹೋಗುವ ಮೊದಲು, ಉಬ್ಬಸದ ಹೊತ್ತಿನಲ್ಲಿ ಎದೆಯೊಳಗೆ ಏನಾಗುತ್ತದೆಂದು ತಿಳಿದಿರಬೇಕು, ಏಕೆಂದರೆ ಮುಂದಿನ ಸೂಚನೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಾಫಿ ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪನ್ನು ಯಾರೋ ಹೊರಗಿನಿಂದ ಅದುಮಿ ಹಿಡಿದಿದ್ದಾರೆ, ಒಳಗಡೆ ಪಾಚಿಯೂ ಕಟ್ಟಿಕೊಂಡಿದೆ ಎಂದುಕೊಳ್ಳಿ. ಶ್ವಾಸನಾಳದ ಸುತ್ತ ಇರುವ ಸ್ನಾಯು ಬಿಗಿದುಕೊಳ್ಳುವುದು ಹೊರಗಿನ ಅದುಮುವಿಕೆ. ಒಳಪದರ ಊದಿಕೊಂಡು ಅಂಟಾದ ಕಫ ತುಂಬುವುದು ಒಳಗಿನ ಪಾಚಿ. ಶಾಲೆಯಲ್ಲಿ ನಾವು ಕೊಡುವ ಇನ್ಹೇಲರಿನ ಔಷಧಿ ಬಿಗಿದ ಸ್ನಾಯುವನ್ನು ಮಾತ್ರ ಸಡಿಲಿಸುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸಿ ಸುಮಾರು ನಾಲ್ಕರಿಂದ ಆರು ಗಂಟೆಗಳ ಕಾಲ ನಿಲ್ಲುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಯಲು ಬೇರೆ ಔಷಧಿ ಬೇಕು, ಅದಕ್ಕೆ ಹಲವು ಗಂಟೆಗಳೂ ಬೇಕು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ಬೆಳಿಗ್ಗೆ ಸುಧಾರಿಸಿದ ಮಗು ಮಧ್ಯಾಹ್ನ ಮತ್ತೆ ಏಕೆ ಏದುಸಿರು ಬಿಡುತ್ತದೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಪತ್ರದ ಎರಡನೆಯ ಭಾಗ ಹೀಗಿದೆ:

“ಅವಳ ಶಾಲಾ ಚೀಲದ ಮುಂದಿನ ಜೇಬಿನಲ್ಲಿ ಸಾಲ್ಬುಟಮಾಲ್ ಎಂಬ ಔಷಧಿಯ ಇನ್ಹೇಲರ್ ಮತ್ತು ಒಂದು ಸ್ಪೇಸರ್ ಇವೆ. ಇನ್ನೊಂದು ಜೊತೆಯನ್ನು ನಿಮ್ಮ ಬಳಿ ಇಡಲು ಕಳುಹಿಸಿದ್ದೇನೆ. ಉಬ್ಬಸ ಶುರುವಾದಾಗ ಅವಳನ್ನು ನೆಟ್ಟಗೆ ಕೂರಿಸಿ. ಇನ್ಹೇಲರನ್ನು ಕುಲುಕಿ ಸ್ಪೇಸರಿಗೆ ಸಿಕ್ಕಿಸಿ, ಒಂದು ಸಲ ಮಾತ್ರ ಒತ್ತಿ, ಅವಳು ಸ್ಪೇಸರಿನ ಮೂಲಕ ಐದಾರು ಸಲ ಉಸಿರಾಡಲಿ. ಹೀಗೆ ನಾಲ್ಕು ಸಲ ಕೊಡಿ. ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು ಸಲ ಕೊಡಿ. ಆಗಲೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ, ಆಮೇಲೆ ನನಗೆ ಕರೆ ಮಾಡಿ. ವಾಹನ ಬರುವವರೆಗೆ ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಸಲ ಕೊಡುತ್ತಲೇ ಇರಿ. ಈ ಔಷಧಿಯನ್ನು ಕೊಡಲು ನನ್ನ ಒಪ್ಪಿಗೆ ಇದೆ. ವೈದ್ಯರ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.”

ಇದರ ಪ್ರತಿಯೊಂದು ವಾಕ್ಯದ ಹಿಂದೆಯೂ ಕಾರಣವಿದೆ. ಇನ್ಹೇಲರಿನ ಬಣ್ಣದ ಬದಲು ಔಷಧಿಯ ಹೆಸರನ್ನು ಬರೆದಿರುವುದೇಕೆಂದರೆ, ತಕ್ಷಣದ ಉಪಶಮನಕ್ಕೆ ಕೊಡುವ ಇನ್ಹೇಲರ್ ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿದ್ದರೂ ಎಲ್ಲ ಕಂಪನಿಗಳೂ ಒಂದೇ ಬಣ್ಣವನ್ನು ಪಾಲಿಸುತ್ತವೆ ಎನ್ನಲಾಗದು. ದಿನವೂ ಬೆಳಿಗ್ಗೆ ಸಂಜೆ ಮನೆಯಲ್ಲಿ ತೆಗೆದುಕೊಳ್ಳುವ ಇನ್ಹೇಲರ್ ಬೇರೆಯೇ ಇರುತ್ತದೆ; ಅದು ಒಳಗಿನ ಊತವನ್ನು ನಿಧಾನವಾಗಿ ಇಳಿಸಿ ಉಬ್ಬಸ ಬಾರದಂತೆ ತಡೆಯುವ ಔಷಧಿ. ಗಡಿಬಿಡಿಯಲ್ಲಿ ಪೋಷಕರು ಅದನ್ನೇ ಶಾಲಾ ಚೀಲಕ್ಕೆ ಹಾಕಿ ಕಳುಹಿಸಿದರೆ, ಉಬ್ಬಸದ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಚೀಟಿಯಲ್ಲಿರುವ ಹೆಸರೂ ಡಬ್ಬಿಯ ಮೇಲಿರುವ ಹೆಸರೂ ಒಂದೇ ಆಗಿವೆಯೇ ಎಂದು ಪತ್ರ ತಲುಪಿದ ದಿನವೇ ಹೋಲಿಸಿ ನೋಡಬೇಕು.

ಎರಡನೆಯ ಜೊತೆ ಶಿಕ್ಷಕಿಯ ಬಳಿಯೇ ಇರಬೇಕು ಎಂದು ನಾನು ಒತ್ತಿ ಹೇಳಿ ಬರೆಸಿದೆ. ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಭದ್ರವಾಗಿ ಬೀಗ ಹಾಕಿಟ್ಟ ಇನ್ಹೇಲರ್, ಅವರು ಬಿಇಒ ಕಚೇರಿಯ ಸಭೆಗೆ ಹೋದ ದಿನ ಇದ್ದೂ ಇಲ್ಲದಂತೆ. ಚಿಕ್ಕ ಮಕ್ಕಳ ಕೈಗೆ ಸಿಗದ, ಆದರೆ ದೊಡ್ಡವರ ಕೈಗೆ ಅರ್ಧ ನಿಮಿಷದಲ್ಲಿ ಸಿಗುವ, ಬಿಸಿಲು ಬೀಳದ ಜಾಗ ಸಾಕು. ಒಂಬತ್ತು ವರ್ಷದ ಹುಡುಗಿ ತನ್ನ ಇನ್ಹೇಲರನ್ನು ತಾನೇ ಹೊತ್ತುಕೊಂಡು ತಿರುಗುವಷ್ಟು ದೊಡ್ಡವಳೇ, ಆದರೆ ಉಬ್ಬಸದ ನಡುವೆ ಅದನ್ನು ಸರಿಯಾಗಿ ಬಳಸುವಷ್ಟು ನಿಧಾನ ಅವಳಲ್ಲಿ ಇರುವುದಿಲ್ಲ, ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಸ್ಪೇಸರ್ ಎಂದರೆ ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ಕಿನ ಕೊಳವೆ. ಅದಿಲ್ಲದೆ ನೇರವಾಗಿ ಬಾಯಿಗೆ ಒತ್ತಿದರೆ ಔಷಧಿಯ ಹೆಚ್ಚಿನ ಪಾಲು ಗಂಟಲಿನ ಹಿಂಬದಿಗೆ ಬಡಿದು ಹೊಟ್ಟೆಗೆ ಹೋಗುತ್ತದೆ. ಸ್ಪೇಸರಿನೊಳಗೆ ಔಷಧಿ ಮಂಜಿನಂತೆ ನಿಂತು, ಮಗು ತನ್ನ ಸಹಜ ಲಯದಲ್ಲಿ ಉಸಿರೆಳೆದಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗು ತುಟಿಗಳನ್ನು ಸ್ಪೇಸರಿನ ಬಾಯಿಯ ಸುತ್ತ ಬಿಗಿಯಾಗಿ ಮುಚ್ಚಬೇಕು, ಹಲ್ಲುಗಳ ನಡುವೆ ನಾಲಿಗೆ ಅಡ್ಡ ಬರಬಾರದು. ಉಸಿರಾಡುವಾಗ ಒಳಗಿನ ಕವಾಟ ಅಲುಗುವುದು ಕಾಣಿಸಿದರೆ ಅಥವಾ ಟಿಕ್ ಎಂದು ಕೇಳಿಸಿದರೆ ಔಷಧಿ ಹೋಗುತ್ತಿದೆ ಎಂದು ತಿಳಿಯಿರಿ. ಹೇಗೂ ನಾಲ್ಕು ಸಲ ಕೊಡಬೇಕಲ್ಲ ಎಂದು ನಾಲ್ಕನ್ನೂ ಒಟ್ಟಿಗೆ ಒತ್ತುವುದು ಶಾಲೆಗಳಲ್ಲಿ, ಮನೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು. ಹಾಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಸ್ಪೇಸರಿನ ಗೋಡೆಗೆ ಅಂಟುತ್ತವೆ, ಮಗುವಿಗೆ ಸಿಗುವ ಔಷಧಿ ಕಡಿಮೆಯಾಗುತ್ತದೆ. ಒಂದು ಸಲ ಒತ್ತುವುದು, ಐದಾರು ಉಸಿರು, ಮತ್ತೆ ಕುಲುಕುವುದು, ಮತ್ತೆ ಒತ್ತುವುದು ಎಂಬ ಕ್ರಮದಲ್ಲಿ ನಾಲ್ಕೂ ಮುಗಿಯಲು ಎರಡು ಮೂರು ನಿಮಿಷ ಹಿಡಿಯುತ್ತದೆ.

ಸ್ಪೇಸರ್ ಕಳೆದುಹೋಗಿದ್ದರೆ ಗಾಬರಿ ಬೇಡ. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಬಾಟಲಿಯ ಬಾಯಿಯನ್ನು ಮಗುವಿನ ಬಾಯಿಗೆ ಕೊಟ್ಟರೆ ಅದೂ ಸ್ಪೇಸರಿನ ಕೆಲಸ ಮಾಡುತ್ತದೆ. ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಇನ್ಹೇಲರನ್ನು ಸಂದಿಲ್ಲದಂತೆ ಕೂರಿಸಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಉಬ್ಬಸ ಬಂದ ಮೇಲೆ ಕತ್ತರಿ ಹುಡುಕುವುದಕ್ಕಿಂತ, ಅಂಥದೊಂದು ಬಾಟಲಿಯನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಮೇಲು.

ನಾಲ್ಕು ಸಲ ಎಂಬುದು ಈ ಹುಡುಗಿಗೆ ಬರೆದ ಪ್ರಮಾಣ. ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ ಔಷಧಿ ಬರುವ ಇನ್ಹೇಲರಿಗೆ ಅನ್ವಯಿಸುವಂಥದು. ನಿಮ್ಮ ಮಗುವಿಗೆ ನಿಮ್ಮ ವೈದ್ಯರು ಬರೆದ ಸಂಖ್ಯೆಯನ್ನೇ ಪತ್ರದಲ್ಲಿ ನಮೂದಿಸಬೇಕು. ‘ಅಷ್ಟು ಕೊಟ್ಟರೆ ಹೆಚ್ಚಾಗುವುದಿಲ್ಲವೇ, ಹೃದಯಕ್ಕೆ ತೊಂದರೆಯಾಗುವುದಿಲ್ಲವೇ’ ಎಂದು ಶಿಕ್ಷಕರು ಕೇಳುವುದು ಸಹಜ. ಕೈ ಸ್ವಲ್ಪ ನಡುಗಬಹುದು, ಎದೆ ಡವಡವ ಹೊಡೆದುಕೊಳ್ಳಬಹುದು. ಅದು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಲ್ಲುತ್ತದೆ. ಕೊಡುವುದೋ ಬೇಡವೋ ಎಂಬ ಅನುಮಾನ ಬಂದರೆ ಕೊಡುವುದೇ ಸರಿ, ಏಕೆಂದರೆ ಉಬ್ಬಸವಿಲ್ಲದಾಗ ಕೊಟ್ಟ ನಾಲ್ಕು ಸಲದ ಔಷಧಿಯಿಂದ ಆಗುವ ತೊಂದರೆ ಅಲ್ಪ, ಉಬ್ಬಸವಿದ್ದಾಗ ಕೊಡದೆ ಉಳಿದರೆ ಆಗುವ ಅಪಾಯ ದೊಡ್ಡದು.

ಪತ್ರದ ಮೂರನೆಯ ಭಾಗ, ನನ್ನ ದೃಷ್ಟಿಯಲ್ಲಿ, ಉಳಿದೆಲ್ಲಕ್ಕಿಂತ ಮುಖ್ಯವಾದುದು:

“ಅವಳು ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ತೆಗೆದುಕೊಳ್ಳದೆ ಹೇಳಲಾರದೆ ಇದ್ದರೆ, ಉಸಿರೆಳೆದಾಗ ಪಕ್ಕೆಲುಬುಗಳ ಸಂದು ಅಥವಾ ಕುತ್ತಿಗೆಯ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ತುಟಿ ನಾಲಿಗೆಗಳ ಬಣ್ಣ ಬದಲಾಗಿದ್ದರೆ, ತೂಕಡಿಸುತ್ತಿದ್ದರೆ ಅಥವಾ ಸುತ್ತಲಿನ ಮಾತಿಗೆ ಸ್ಪಂದಿಸದೆ ಇದ್ದರೆ, ಔಷಧಿ ಕೊಡುತ್ತಲೇ ಕೂಡಲೇ 108ಕ್ಕೆ ಕರೆ ಮಾಡಿ. ನಾಲ್ಕು ನಿಮಿಷ ಕಾಯುವುದು ಬೇಡ.”

ತೀವ್ರತೆಯನ್ನು ಅಳೆಯಲು ಶಿಕ್ಷಕರಿಗೆ ಯಾವ ಉಪಕರಣವೂ ಬೇಕಿಲ್ಲ, ಮಾತು ಸಾಕು. ‘ಬೆಳಿಗ್ಗೆ ತಿಂಡಿಗೆ ಏನು ತಿಂದೆ’ ಎಂದು ಕೇಳಿ. ‘ಅಮ್ಮ ಅಕ್ಕಿ ರೊಟ್ಟಿ ಮಾಡಿದ್ರು, ಎರಡು ತಿಂದೆ ಮಿಸ್’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಸೌಮ್ಯ ಉಬ್ಬಸ. ‘ಅಕ್ಕಿ... ರೊಟ್ಟಿ...’ ಎಂದು ಪದಪದಕ್ಕೂ ನಿಂತರೆ ತೀವ್ರ. ಉತ್ತರಿಸದೆ ತಲೆಯಾಡಿಸಿದರೆ ಫೋನ್ ಎತ್ತಿಕೊಳ್ಳಿ. ಇದರ ಜೊತೆಗೆ ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿ ಕುತ್ತಿಗೆಯ ಕೆಳಗಿನ ಗುಳಿಯನ್ನು ನೋಡಿ. ಸ್ವೆಟರಿನೊಳಗೆ ಮಗುವಿನ ಎದೆ ಕಾಣಿಸುವುದಿಲ್ಲ. ನಮ್ಮ ಕಡೆ ಮಕ್ಕಳು ವರ್ಷದ ಬಹುಭಾಗ ಸ್ವೆಟರ್ ಹಾಕಿಕೊಂಡೇ ಇರುವುದರಿಂದ ಈ ಮಾತನ್ನು ಬಿಡಿಸಿ ಹೇಳುತ್ತಿದ್ದೇನೆ. ಬಣ್ಣ ನೋಡುವಾಗ ಮುಖವನ್ನು ನಂಬಬೇಡಿ. ಕಪ್ಪು ಅಥವಾ ಕಂದು ಮೈಬಣ್ಣದ ಮಕ್ಕಳಲ್ಲಿ ನೀಲಿಛಾಯೆ ಕಾಣುವುದು ನಾಲಿಗೆಯಲ್ಲಿ, ತುಟಿಯ ಒಳಭಾಗದಲ್ಲಿ, ಉಗುರುಗಳ ಬುಡದಲ್ಲಿ. ಅದು ತಡವಾಗಿ ಬರುವ ಲಕ್ಷಣ, ಅದಕ್ಕಾಗಿ ಕಾಯಬಾರದು.

ಇಲ್ಲಿ ಒಂದು ಬಲೆಯಿದೆ. ಸುಯ್‌ಗುಟ್ಟುವ ಶಬ್ದ ಬರಬೇಕಾದರೆ ಇಕ್ಕಟ್ಟಾದ ನಾಳದ ಮೂಲಕ ಒಂದಿಷ್ಟಾದರೂ ಗಾಳಿ ಹರಿಯಬೇಕು. ಹರಿಯುವ ಗಾಳಿ ತೀರಾ ಕಡಿಮೆಯಾದಾಗ ಶಬ್ದವೂ ಅಡಗುತ್ತದೆ. ಆದ್ದರಿಂದ ಇಷ್ಟು ಹೊತ್ತು ಸುಯ್‌ಗುಟ್ಟುತ್ತಿದ್ದ ಮಗು ಸದ್ದಿಲ್ಲದಂತಾಗಿ, ಸುಸ್ತಾಗಿ ತಲೆ ವಾಲಿಸಿದರೆ ‘ಪಾಪ, ಈಗ ಸಮಾಧಾನವಾಯಿತು, ನಿದ್ದೆ ಮಾಡಲಿ’ ಎಂದುಕೊಳ್ಳಬಾರದು. ಅದು ಅತ್ಯಂತ ಅಪಾಯದ ಗಳಿಗೆ. ನಿಜವಾಗಿ ಸುಧಾರಿಸಿದ ಮಗು ಶಬ್ದ ಕಡಿಮೆಯಾದಂತೆ ಮಾತನಾಡತೊಡಗುತ್ತದೆ, ಭುಜಗಳನ್ನು ಇಳಿಬಿಟ್ಟು ಕೂರುತ್ತದೆ, ಸುತ್ತಮುತ್ತ ನೋಡುತ್ತದೆ.

ಆಂಬುಲೆನ್ಸಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ತೊಡಕಿದೆ. ತೋಟದ ನಡುವಿನ ಶಾಲೆಗೆ ವಾಹನ ಬರಲು ಪಟ್ಟಣಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುತ್ತದೆ, ಫೋನಿನ ಸಿಗ್ನಲ್ ಶಾಲೆಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಈ ತಾಯಿ ಅದಕ್ಕಾಗಿ ಪತ್ರದ ಕೊನೆಯಲ್ಲಿ ಶಾಲೆಯ ಹತ್ತಿರವಿರುವ ಒಬ್ಬ ಜೀಪಿನವರ ಫೋನ್ ಸಂಖ್ಯೆಯನ್ನೂ, ಅವರೊಡನೆ ಮೊದಲೇ ಮಾತಾಡಿಟ್ಟಿರುವುದನ್ನೂ ಬರೆದರು. 108ರವರು ತಡವಾಗುತ್ತದೆ ಎಂದರೆ ಆ ಜೀಪಿನಲ್ಲಿ ಹೊರಡಬಹುದು, ಆದರೆ ಓಡಿಸುವವರಲ್ಲದೆ ಇನ್ನೊಬ್ಬ ದೊಡ್ಡವರು ಮಗುವಿನ ಪಕ್ಕ ಇನ್ಹೇಲರ್ ಹಿಡಿದು ಕುಳಿತಿರಬೇಕು, ದಾರಿಯುದ್ದಕ್ಕೂ ಔಷಧಿ ಮುಂದುವರಿಯಬೇಕು, ಮಗು ಕುಳಿತೇ ಇರಬೇಕು. ಊರಿನ ಶಾಲೆಗೂ ದೂರದ ಶಾಲೆಗೂ ಒಂದು ವ್ಯತ್ಯಾಸ ಮಾಡಿಕೊಳ್ಳುವುದು ನನ್ನ ಸಲಹೆ: ಆಸ್ಪತ್ರೆ ದೂರವಿದ್ದರೆ ಎರಡನೆಯ ಸುತ್ತಿನ ಔಷಧಿ ಆರಂಭಿಸುವಾಗಲೇ ಫೋನ್ ಮಾಡಿಬಿಡಿ. ವಾಹನ ಬರುವುದರೊಳಗೆ ಮಗು ಸುಧಾರಿಸಿದ್ದರೆ ನಷ್ಟವೇನೂ ಇಲ್ಲ.

ಬೇಡದ ಉಪಚಾರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲಗಿಸಬೇಡಿ, ಮಲಗಿದರೆ ಉಸಿರಾಟ ಇನ್ನಷ್ಟು ಕಷ್ಟ. ಕುರ್ಚಿಯನ್ನು ಹಿಂದುಮುಂದಾಗಿಟ್ಟು, ಅದರ ಬೆನ್ನಿನ ಮೇಲೆ ಕೈಯೂರಿ ಸ್ವಲ್ಪ ಮುಂದಕ್ಕೆ ಬಾಗಿ ಕೂರುವುದು ಮಗುವಿಗೆ ಹಿತ. ಎದೆಗೆ ಮುಲಾಮು, ಬಿಸಿ ಕಷಾಯ, ಕೆಮ್ಮಿನ ಸಿರಪ್ ಇವು ಬಿಗಿದ ಸ್ನಾಯುವನ್ನು ಸಡಿಲಿಸಲಾರವು. ಕಾಗದದ ಚೀಲದೊಳಗೆ ಉಸಿರಾಡಿಸುವುದಂತೂ ಕೂಡದು, ಅದರಿಂದ ಇರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಒಂದು ಭೇದವನ್ನು ಮಾತ್ರ ಗಮನಿಸಿ: ಅಲ್ಲಿಯವರೆಗೆ ಚೆನ್ನಾಗಿದ್ದ ಮಗು ಊಟ ಮಾಡುತ್ತಲೋ ಕಡಲೆಬೀಜ ತಿನ್ನುತ್ತಲೋ ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ ಅದು ಉಬ್ಬಸವಲ್ಲ, ಗಂಟಲಿಗೆ ಏನೋ ಸಿಕ್ಕಿದೆ, ಅಲ್ಲಿ ಇನ್ಹೇಲರಿನಿಂದ ಪ್ರಯೋಜನವಿಲ್ಲ, ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿ ಅದನ್ನು ಹೊರತೆಗೆಯಬೇಕು.

ಈ ಪತ್ರ ಕೆಲಸಕ್ಕೆ ಬಂದ ಒಂದು ದಿನದ ವಿವರವನ್ನು ಹೇಳುತ್ತೇನೆ. ಜುಲೈ ತಿಂಗಳು, ಹುಡುಗಿಗೆ ಎರಡು ದಿನದಿಂದ ಶೀತ. ಮಳೆ ಬಿಟ್ಟಿದ್ದರಿಂದ ಬೆಳಗಿನ ವಿರಾಮದಲ್ಲಿ ಮಕ್ಕಳೆಲ್ಲ ಅಂಗಳದಲ್ಲಿ ಓಡಾಡಿ ಬಂದರು. 11.20ಕ್ಕೆ ತರಗತಿಯಲ್ಲಿ ಅವಳು ಬಿಟ್ಟುಬಿಟ್ಟು ಕೆಮ್ಮತೊಡಗಿದಳು. ಐದು ನಿಮಿಷದ ನಂತರ ಶಿಕ್ಷಕಿ ಹತ್ತಿರ ಹೋದಾಗ ಅವಳು ಎರಡೂ ಕೈಗಳನ್ನು ಡೆಸ್ಕಿಗೆ ಊರಿ, ಭುಜ ಎತ್ತಿ ಉಸಿರಾಡುತ್ತಿದ್ದಳು. ಮಾತನಾಡಿಸಿದರೆ ಚಿಕ್ಕ ವಾಕ್ಯ ಹೇಳುತ್ತಿದ್ದಳು. ಕುತ್ತಿಗೆಯ ಗುಳಿ ಸೆಳೆದುಕೊಳ್ಳುತ್ತಿರಲಿಲ್ಲ. ಶಿಕ್ಷಕಿ ಉಳಿದ ಮಕ್ಕಳನ್ನು ಪಕ್ಕದ ತರಗತಿಗೆ ಕಳುಹಿಸಿ, ಮೇಜಿನಿಂದ ಸ್ಪೇಸರ್ ತೆಗೆದು ನಾಲ್ಕು ಸಲ ಔಷಧಿ ಕೊಟ್ಟರು. ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷ ಕಾದರು. ಕೆಮ್ಮು ತಗ್ಗಿದರೂ ಭುಜ ಇಳಿದಿರಲಿಲ್ಲವಾಗಿ ಮತ್ತೆ ನಾಲ್ಕು ಸಲ ಕೊಟ್ಟರು. 11.40ರ ಹೊತ್ತಿಗೆ ಹುಡುಗಿ ನೀರು ಕುಡಿದು, ಪೂರ್ತಿ ವಾಕ್ಯದಲ್ಲಿ ಮಾತನಾಡಿ, ತನ್ನ ಪುಸ್ತಕ ಎಲ್ಲಿ ಎಂದು ಕೇಳಿದಳು. ಶಿಕ್ಷಕಿ ತಾಯಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ತಾಯಿ ಸಂಜೆ ಬರುವುದಾಗಿ ಹೇಳಿದರು.

ಮಧ್ಯಾಹ್ನ 2.30ಕ್ಕೆ ಮತ್ತೆ ಸುಯ್ ಶಬ್ದ ಕೇಳಿಸಿತು. ಮೊದಲ ಸಲಕ್ಕಿಂತ ಜೋರಾಗಿಯೇನೂ ಇರಲಿಲ್ಲ. ‘ಬೆಳಿಗ್ಗೆ ಕೊಟ್ಟಂತೆ ಕೊಟ್ಟರಾಯಿತು, ಸಂಜೆ ಅಮ್ಮ ಬರುತ್ತಾರಲ್ಲ’ ಎಂದು ಬಿಡುವವರೇ ಹೆಚ್ಚು. ಆದರೆ ನಾಲ್ಕು ಗಂಟೆ ನಿಲ್ಲಬೇಕಾದ ಔಷಧಿ ಮೂರು ಗಂಟೆಯೊಳಗೆ ಸಾಲದಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಸ್ನಾಯು ಸಡಿಲವಾದರೂ ಒಳಗಿನ ಊತ ಬೆಳೆಯುತ್ತಿದೆ ಎಂಬುದೇ ಇದರ ಅರ್ಥ. ಪತ್ರದಲ್ಲಿ ‘ನಾಲ್ಕು ಗಂಟೆಯೊಳಗೆ ಎರಡನೆಯ ಸಲ ಇನ್ಹೇಲರ್ ಬೇಕಾದರೆ ಅದೇ ದಿನ, ಆಗಲೇ ವೈದ್ಯರಿಗೆ ತೋರಿಸಬೇಕು’ ಎಂಬ ಸಾಲನ್ನು ಸೇರಿಸಿದ್ದೆವು. ಶಿಕ್ಷಕಿ ಔಷಧಿ ಕೊಟ್ಟು, ತಾಯಿಗೆ ಮತ್ತೆ ಫೋನ್ ಮಾಡಿ ಸಂಜೆಯವರೆಗೆ ಕಾಯದಂತೆ ಹೇಳಿದರು. ಆಸ್ಪತ್ರೆಗೆ ಬಂದಾಗ ಅವಳ ಆಮ್ಲಜನಕದ ಮಟ್ಟ ಸ್ವಲ್ಪ ತಗ್ಗಿತ್ತು. ಆಮ್ಲಜನಕ, ಸ್ಪೇಸರಿನಲ್ಲಿ ಇನ್ನಷ್ಟು ಔಷಧಿ ಮತ್ತು ಊತ ಇಳಿಸುವ ಪ್ರೆಡ್ನಿಸೊಲೋನ್ ಕೊಟ್ಟೆವು. ಪ್ರೆಡ್ನಿಸೊಲೋನ್ ಕೆಲಸ ಆರಂಭಿಸಲು ಕೆಲವು ಗಂಟೆಗಳು ಬೇಕಾದ್ದರಿಂದ ಅದನ್ನು ಮಧ್ಯಾಹ್ನವೇ ಕೊಟ್ಟದ್ದಕ್ಕೂ ರಾತ್ರಿ ಉಸಿರುಕಟ್ಟಿದ ಮೇಲೆ ಕೊಡುವುದಕ್ಕೂ ಬಹಳ ಅಂತರವಿದೆ. ಉಬ್ಬಸ ಹೆಚ್ಚಾಗುವುದು ರಾತ್ರಿ ಮತ್ತು ನಸುಕಿನಲ್ಲಿ ಎಂಬುದನ್ನು ಮಗುವಿನ ಮನೆಯವರೆಲ್ಲ ಬಲ್ಲರು.

ಆಟದ ವಿಷಯವನ್ನು ಪ್ರಶ್ನೆಯಾಗಿ ಕೆಲವರು ಬರೆದು ಕೊಟ್ಟಿದ್ದಾರೆ. ಈ ಮಕ್ಕಳನ್ನು ಕಬಡ್ಡಿಯಿಂದ, ಓಟದಿಂದ ಹೊರಗಿಡಬೇಕಾಗಿಲ್ಲ. ಓಡಿದಾಗಲೆಲ್ಲ ಉಬ್ಬಸ ಬರುವ ಮಗುವಿಗೆ ವೈದ್ಯರು ಬರೆದಿದ್ದರೆ ಆಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಎರಡು ಸಲ ಸಾಲ್ಬುಟಮಾಲ್ ಕೊಟ್ಟು, ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಆಡಲು ಬಿಡಿ. ಇಂಥ ಉಬ್ಬಸ ಆಟ ನಿಲ್ಲಿಸಿದ ಕೆಲವು ನಿಮಿಷಗಳ ನಂತರವೂ ಬರಬಹುದಾದ್ದರಿಂದ, ಆಟದ ಶಿಕ್ಷಕರು ಮಕ್ಕಳನ್ನು ತರಗತಿಗೆ ಕಳುಹಿಸಿದ ಮೇಲೆ ಮುಂದಿನ ಪಾಠದವರು ಗಮನಿಸಬೇಕು. ಆದರೆ ಮಗು ಪ್ರತಿಸಲವೂ ಹೀಗೆ ಔಷಧಿ ತೆಗೆದುಕೊಂಡೇ ಆಡಬೇಕಾಗಿದೆ ಎಂದರೆ ಅದರ ದಿನನಿತ್ಯದ ತಡೆ ಔಷಧಿ ಸಾಲುತ್ತಿಲ್ಲ, ಅಥವಾ ಮನೆಯಲ್ಲಿ ಅದನ್ನು ನಿಲ್ಲಿಸಿದ್ದಾರೆ. ‘ಇನ್ಹೇಲರ್ ಚಟವಾಗುತ್ತದೆ’ ಎಂಬ ಮಾತು ಕೇಳಿ ನಿಲ್ಲಿಸಿದವರು ಬಹಳ ಜನ. ಅದು ಚಟ ಹಿಡಿಸುವ ಔಷಧಿಯಲ್ಲ.

ಇದನ್ನು ವೈದ್ಯರಿಗೆ ತಿಳಿಸಬಲ್ಲವರು ಶಿಕ್ಷಕರೇ. ಅದಕ್ಕಾಗಿ ಪತ್ರದ ಹಿಂಬದಿಯಲ್ಲಿ ಗೆರೆ ಎಳೆದು, ದಿನಾಂಕ, ಸಮಯ, ಆಗ ಮಗು ಏನು ಮಾಡುತ್ತಿತ್ತು, ಎಷ್ಟು ಸಲ ಔಷಧಿ ಕೊಟ್ಟಿರಿ, ಎಷ್ಟು ಹೊತ್ತಿಗೆ ಸುಧಾರಿಸಿತು ಎಂದು ಬರೆಯಲು ಜಾಗ ಬಿಟ್ಟಿದ್ದೇವೆ. ಮನೆಯಲ್ಲಿ ಬಳಸಿದ್ದನ್ನೂ ತಾಯಿ ಅಲ್ಲಿಯೇ ಸೇರಿಸುತ್ತಾರೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ಈ ಇನ್ಹೇಲರ್ ಬೇಕಾಗುತ್ತಿದ್ದರೆ, ಅಥವಾ ರಾತ್ರಿ ಕೆಮ್ಮಿ ನಿದ್ದೆಗೆಟ್ಟು ಮಗು ತರಗತಿಯಲ್ಲಿ ತೂಕಡಿಸುತ್ತಿದ್ದರೆ, ಅಸ್ತಮಾ ಹತೋಟಿಯಲ್ಲಿಲ್ಲ. ಉಬ್ಬಸ ಬಾರದ ದಿನವೇ ಮಗುವನ್ನು ನಮ್ಮಲ್ಲಿಗೆ ಕರೆತರಬೇಕು. ಪೋಷಕರು ‘ಪರವಾಗಿಲ್ಲ ಡಾಕ್ಟ್ರೇ, ಚೆನ್ನಾಗಿದ್ದಾಳೆ’ ಎನ್ನುವುದಕ್ಕಿಂತ ಆ ಹಾಳೆ ನನಗೆ ಹೆಚ್ಚು ಹೇಳುತ್ತದೆ.

ಇನ್ನುಳಿದದ್ದು ಸಾಮಾನುಗಳ ನಿಗಾ. ಸ್ಪೇಸರನ್ನು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ ಅದ್ದಿ, ಒರೆಸದೆ ಗಾಳಿಗೆ ಆರಲು ಬಿಡಬೇಕು; ಬಟ್ಟೆಯಿಂದ ತಿಕ್ಕಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಾವೇಶ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ. ಇನ್ಹೇಲರ್ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವುದು ನಂಬಲಾಗದ ಪರೀಕ್ಷೆ. ಎಣಿಕೆ ತೋರಿಸುವ ಕಿಟಕಿ ಇರುವ ಇನ್ಹೇಲರನ್ನೇ ಕೊಂಡುಕೊಳ್ಳಿ, ಇಲ್ಲವಾದರೆ ಹಿಂಬದಿಯ ಹಾಳೆಯಲ್ಲಿರುವ ಲೆಕ್ಕವನ್ನು ಕೂಡಿಸಿ. ಶಾಲೆಯಲ್ಲಿಟ್ಟ ಇನ್ಹೇಲರ್ ದಸರಾ ರಜೆಯಲ್ಲಿ ವಾರಗಟ್ಟಲೆ ಮುಟ್ಟದೆ ಬಿದ್ದಿರುತ್ತದೆ. ಶಾಲೆ ತೆರೆದ ದಿನವೇ ಅದನ್ನು ಕುಲುಕಿ, ಗಾಳಿಗೆ ಎರಡು ಮೂರು ಸಲ ಒತ್ತಿ, ತುಂತುರು ಸರಿಯಾಗಿ ಬರುತ್ತಿದೆಯೇ ನೋಡಿ, ಅವಧಿ ಮುಗಿಯುವ ತಿಂಗಳನ್ನು ಓದಿ, ಪತ್ರದಲ್ಲಿರುವ ಫೋನ್ ಸಂಖ್ಯೆಗಳಿಗೆ ಒಮ್ಮೆ ಕರೆ ಮಾಡಿ ಅವು ಚಾಲ್ತಿಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.